ಮೋಟಾರ್ ನಡುಗದಿರಲಿ: ಸ್ಲೈಡಿಂಗ್ ಮೋಡ್ ಕಂಟ್ರೋಲ್‌ಗೆ 6 ಸೂತ್ರಗಳು

ಸಿಮ್ಯುಲೇಶನ್‌ನಲ್ಲಿ ಗೆರೆ ಎಳೆದಂತೆ ನಿಂತ ಕಂಟ್ರೋಲರ್, ಲ್ಯಾಬ್‌ನ ಮೋಟಾರ್‌ಗೆ ಹಾಕಿದ ಕೂಡಲೇ ಗುಂಯ್‌ಗುಡುತ್ತದೆ. ಗೇರ್ ಕಟಕಟ ಎನ್ನುತ್ತದೆ. ಇಲ್ಲಿಗೆ ಬಂದು ಎಷ್ಟೋ ಮಂದಿ ಪ್ರಾಜೆಕ್ಟನ್ನೇ ಬದಲಿಸುತ್ತಾರೆ. ನೀವು ಬದಲಿಸಬೇಡಿ. ಈ ನಡುಕಕ್ಕೆ, ಅಂದರೆ ಚಾಟರಿಂಗ್‌ಗೆ, ಲೆಕ್ಕವಿದೆ. ಒಂದು ಸರ್ವೋ ಮೋಟಾರ್ ಇಟ್ಟುಕೊಂಡು ಆ ಲೆಕ್ಕ ಮಾಡಿ.

1. ಮೊದಲು ಸರ್ಫೇಸ್ ಬರೆಯಿರಿ.
ಗುರಿಯಿಂದ ಮೋಟಾರ್ ಎಷ್ಟು ದೂರವಿದೆಯೋ ಅದು e, ಅದರ ವೇಗ ė. ಸ್ವಿಚಿಂಗ್ ಸರ್ಫೇಸ್ ಹೀಗಿರಲಿ: s = ė + 10e. s ಸೊನ್ನೆಯಾದರೆ ė = −10e. ಆಗ e ಪ್ರತಿ 0.1 ಸೆಕೆಂಡಿಗೆ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಗಮನಿಸಿ, ಈ ಸಮೀಕರಣದಲ್ಲಿ ಲೋಡ್ ಇಲ್ಲ, ಘರ್ಷಣೆಯೂ ಇಲ್ಲ. ಸರ್ಫೇಸ್ ಮೇಲೆ ನಿಂತ ಮೋಟಾರ್ ನೀವು ಬರೆದ ನಿಯಮವನ್ನೇ ಪಾಲಿಸುತ್ತದೆ. ಈ ವಿಧಾನದ ಶಕ್ತಿ ಇರುವುದೇ ಇಲ್ಲಿ.

2. ಗೇನ್ ಅನ್ನು ಅಂದಾಜಿಗೆ ಬಿಡಬೇಡಿ.
ಮೋಟಾರ್‌ನ ಮಾದರಿ ë = u + d ಎಂದಿರಲಿ. ಲೋಡ್, ಘರ್ಷಣೆಗಳೆಲ್ಲ ಸೇರಿದ d ಯಾವ ದಿಕ್ಕಿನಲ್ಲೂ 2 ದಾಟದು ಎಂದುಕೊಳ್ಳಿ. ಕಂಟ್ರೋಲ್ ನಿಯಮ ಇದು:

```
u = -10*ė - 5*sign(s)
```

ಎದುರಾಳಿಯ ಬಲ 2, ನಿಮ್ಮದು 5. ಹಾಗಾಗಿ s ಎಲ್ಲಿದ್ದರೂ ಸೆಕೆಂಡಿಗೆ ಕನಿಷ್ಠ 3ರ ವೇಗದಲ್ಲಿ ಸೊನ್ನೆಯತ್ತ ಬರಲೇಬೇಕು. 0.15 ರೇಡಿಯನ್ ದೂರದಲ್ಲಿ ನಿಂತ ಮೋಟಾರ್‌ಗೆ s = 1.5. ಅರ್ಧ ಸೆಕೆಂಡಿನೊಳಗೆ ಅದು ಸರ್ಫೇಸ್ ಮುಟ್ಟುತ್ತದೆ. 5ರ ಬದಲು 50 ಹಾಕಿದರೆ ಇನ್ನೂ ಬೇಗ ಮುಟ್ಟಬಹುದು ಅನ್ನಿಸುತ್ತದೆ. ಆ ಆಸೆ ಬಿಡಿ, ಕಾರಣ ಮುಂದಿನ ಸೂತ್ರದಲ್ಲಿದೆ.

3. ಆಕ್ಚುವೇಟರ್‌ನ ವಿಳಂಬವನ್ನು ಅಳೆಯಿರಿ.
ಚಾಟರಿಂಗ್ ಹುಟ್ಟುವುದು ಇಲ್ಲಿಯೇ. ಪುಸ್ತಕದ sign(s) ಕ್ಷಣಾರ್ಧವೂ ತಡಮಾಡದೆ ತಿರುಗುತ್ತದೆ. ನಿಜವಾದ ಮೋಟಾರ್‌ನಲ್ಲಿ ವೈಂಡಿಂಗ್‌ನ ಕರೆಂಟ್ ಏರಲು ಸಮಯ ಬೇಕು, ಡ್ರೈವರ್‌ಗೆ ಸಮಯ ಬೇಕು, ಸ್ಯಾಂಪ್ಲಿಂಗ್‌ಗೂ ಬೇಕು. ಇವೆಲ್ಲ ಸೇರಿ 10 ಮಿಲಿಸೆಕೆಂಡ್ ಎಂದುಕೊಳ್ಳಿ. s ಸೊನ್ನೆ ದಾಟಿದ ಮೇಲೂ ಹಳೆಯ ಆಜ್ಞೆಯೇ 10 ಮಿಲಿಸೆಕೆಂಡ್ ನಡೆಯುತ್ತದೆ. d ಸೊನ್ನೆ ಎಂದುಕೊಂಡರೆ, ಅಷ್ಟರಲ್ಲಿ s ಆಚೆಗೆ 5 × 0.01 = 0.05 ಹೋಗಿರುತ್ತದೆ. ವಾಪಸ್ ಬರಲು ಇನ್ನೊಂದು 10 ಮಿಲಿಸೆಕೆಂಡ್. ಈಚೆಗೂ ಇದೇ ಕಥೆ. ಒಂದು ಸುತ್ತಿಗೆ ವಿಳಂಬದ ನಾಲ್ಕು ಪಟ್ಟು, ಅಂದರೆ 40 ಮಿಲಿಸೆಕೆಂಡ್. ಸೆಕೆಂಡಿಗೆ ಸುಮಾರು 25 ಸಲ ನಡುಕ. ಗೇನ್ ಹತ್ತು ಪಟ್ಟು ಮಾಡಿದರೆ ನಡುಕದ ಎತ್ತರವೂ ಹತ್ತು ಪಟ್ಟು.

4. u ಗ್ರಾಫ್ ನೋಡಿ, ಪೊಸಿಷನ್ ಗ್ರಾಫ್ ನಂಬಬೇಡಿ.
ಮೇಲಿನ ಲೆಕ್ಕದಲ್ಲಿ ಮೋಟಾರ್‌ನ ಸ್ಥಾನ ಅಲುಗುವುದು 0.0003 ರೇಡಿಯನ್‌ನಷ್ಟು ಮಾತ್ರ. ಪೊಸಿಷನ್ ಗ್ರಾಫ್ ನುಣ್ಣಗೆ ಕಾಣುತ್ತದೆ. ಅದೇ ಹೊತ್ತಿಗೆ u ಮಾತ್ರ +5ರಿಂದ −5ಕ್ಕೆ ಹಾರುತ್ತಲೇ ಇರುತ್ತದೆ. ವೈಂಡಿಂಗ್ ಬಿಸಿಯಾಗುವುದು, ಗೇರ್ ಹಲ್ಲು ಸವೆಯುವುದು ಅದರಿಂದಲೇ. ಕಾರಣ ಖಚಿತ ಮಾಡಿಕೊಳ್ಳಲು ಗೇನ್ ಸ್ವಲ್ಪ ಬದಲಿಸಿ. ನಡುಕದ ಎತ್ತರ ಬದಲಾಗಿ, ಒಂದು ಸುತ್ತಿನ ಅವಧಿ ಹೆಚ್ಚುಕಡಿಮೆ ಹಾಗೆಯೇ ಉಳಿದರೆ ತಪ್ಪು ವಿಳಂಬದ್ದು. ಅವಧಿಗೆ ತಾಳವೇ ಇಲ್ಲದಿದ್ದರೆ ಮೊದಲು ಸೆನ್ಸರ್ ನಾಯ್ಸ್ ಮೇಲೆ ಅನುಮಾನಪಡಿ.

5. ಬೌಂಡರಿ ಲೇಯರ್ ಹಾಕಿ, ಅದರ ಅಗಲವನ್ನು ಲೆಕ್ಕದಿಂದ ಆರಿಸಿ.
sign(s) ತೆಗೆದು sat(s/φ) ಹಾಕಿ. φ = 0.1 ಆದರೆ ಆ ಪಟ್ಟಿಯೊಳಗೆ ಕಂಟ್ರೋಲರ್ 5 ÷ 0.1 = 50 ಗೇನ್‌ನ ಸಾಮಾನ್ಯ ಲೀನಿಯರ್ ಕಂಟ್ರೋಲರ್ ಆಗುತ್ತದೆ. 50ನ್ನು ವಿಳಂಬ 0.01ರಿಂದ ಗುಣಿಸಿ: 0.5. ಈ ಗುಣಲಬ್ಧ ಸುಮಾರು 1.57ರ ಒಳಗಿರಬೇಕು, ಅಂಚಿಗೆ ಹೋಗದೆ ಸಾಕಷ್ಟು ಒಳಗೇ ಇರಿ. ನಿಖರತೆಯ ಆಸೆಗೆ φ = 0.02 ಮಾಡಿದರೆ ಗುಣಲಬ್ಧ 2.5 ಆಗಿ ನಡುಕ ಮತ್ತೆ ಶುರುವಾಗುತ್ತದೆ. ಬೌಂಡರಿ ಲೇಯರ್‌ಗೆ ಬೆಲೆಯೂ ಇದೆ: φ = 0.1 ಇಟ್ಟು ಲೋಡ್ ಪೂರ್ತಿ 2 ಇದ್ದಾಗ s ಸೊನ್ನೆಗೆ ಬರದೆ 0.04ರಲ್ಲಿ ನಿಲ್ಲುತ್ತದೆ, ಸ್ಥಾನದಲ್ಲಿ 0.004 ರೇಡಿಯನ್ ತಪ್ಪು ಉಳಿಯುತ್ತದೆ. ಅಂದರೆ ಕಾಲು ಡಿಗ್ರಿಗೂ ಕಡಿಮೆ. ಬಹುತೇಕ ಕೆಲಸಗಳಿಗೆ ಅಷ್ಟು ಧಾರಾಳವಾಗಿ ಸಾಕು ಎಂಬುದು ನನ್ನ ಅಭಿಪ್ರಾಯ.

6. ಸೂಪರ್ ಟ್ವಿಸ್ಟಿಂಗ್‌ಗೆ ಆಮೇಲೆ ಹೋಗಿ.
ಲೆವಾಂಟ್ 1993ರಲ್ಲಿ ಪ್ರಕಟಿಸಿದ ಈ ವಿಧಾನ ಸ್ವಿಚಿಂಗನ್ನು ಇಂಟಿಗ್ರೇಟರ್‌ನ ಹಿಂದೆ ಇಡುತ್ತದೆ, ಆದ್ದರಿಂದ u ಹಾರುವುದಿಲ್ಲ. ಆದರೆ ಇದಕ್ಕೆ d ಎಷ್ಟು ವೇಗವಾಗಿ ಬದಲಾಗಬಹುದು ಎಂಬ ಮಿತಿ ಗೊತ್ತಿರಬೇಕು. ಆಕ್ಚುವೇಟರ್ ನಿಧಾನವಾಗಿದ್ದರೆ ಇಲ್ಲೂ ಸಣ್ಣ ನಡುಕ ಉಳಿಯುತ್ತದೆ.

ರಿಪೋರ್ಟ್ ಕೊಡುವಾಗ ಪೊಸಿಷನ್ ಗ್ರಾಫ್‌ನ ಕೆಳಗೆ, ಅದೇ ಟೈಮ್ ಸ್ಕೇಲ್‌ನಲ್ಲಿ, u ಗ್ರಾಫನ್ನೂ ಹಾಕಿ. ಪರೀಕ್ಷಕರು ಮೊದಲು ಕೇಳಬೇಕಾದದ್ದು ಅದನ್ನೇ.