ಕೋಲಾರವೂ ಬೆಂಗಳೂರೂ ಒಂದೇ ಬಣ್ಣವಾದದ್ದು ಹೇಗೆ?

ಕಳೆದ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ನಮ್ಮ ಸಂಘದಿಂದ ಒಂದು ಪೋಸ್ಟರ್ ಮಾಡೋಣ ಅಂತ ಹೊರಟೆವು. ವಿಷಯ ಸರಳವಾಗಿತ್ತು: ಕರ್ನಾಟಕದ ಯಾವ ಜಿಲ್ಲೆಯಲ್ಲಿ ಜನ ಎಷ್ಟು ಒತ್ತಾಗಿದ್ದಾರೆ, ಎಲ್ಲಿ ವಿರಳವಾಗಿದ್ದಾರೆ. ಜನಸಾಂದ್ರತೆ ಕಡಿಮೆ ಇರುವ ಜಿಲ್ಲೆಗೆ ತಿಳಿ ಹಳದಿ, ಹೆಚ್ಚಿರುವ ಜಿಲ್ಲೆಗೆ ಕಡು ಕೆಂಪು, ನಡುವೆ ಮೂರು ಛಾಯೆ. ಬಾವುಟದ ಬಣ್ಣವೂ ಆಯಿತು, ನಕ್ಷೆಯೂ ಆಯಿತು. ಹೀಗೆ ಪ್ರದೇಶಗಳಿಗೆ ಬೆಲೆಗೆ ತಕ್ಕ ಛಾಯೆ ತುಂಬುವ ನಕ್ಷೆಗೆ ಕೊರೊಪ್ಲೆತ್ ನಕ್ಷೆ ಅಂತಾರೆ. ಕೆಲಸ ಬೇಗ ಮುಗಿಯಲಿ ಅಂತ ಇಬ್ಬರು ಇಬ್ಬರಾಗಿ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಕೂತೆವು. ಇಬ್ಬರ ಹತ್ತಿರವೂ ಇದ್ದದ್ದು ಒಂದೇ ಪಟ್ಟಿ, 2011ರ ಜನಗಣತಿಯದು. ರಾತ್ರಿ ಪಕ್ಕಪಕ್ಕ ಇಟ್ಟು ನೋಡಿದರೆ ಎರಡು ಬೇರೆ ಬೇರೆ ರಾಜ್ಯಗಳ ನಕ್ಷೆಯ ಹಾಗಿತ್ತು.

ಮೊದಲನೆಯದರಲ್ಲಿ ಇಡೀ ಕರ್ನಾಟಕ ತಿಳಿ ಹಳದಿ, ಬೆಂಗಳೂರು ನಗರ ಜಿಲ್ಲೆ ಮಾತ್ರ ಕಡು ಕೆಂಪು ಬೊಟ್ಟು. ಎರಡನೆಯದರಲ್ಲಿ ಐದೂ ಬಣ್ಣಗಳು ಹದವಾಗಿ ಹರಡಿ, ನೋಡಲು ಚೆಂದವಾಗಿತ್ತು. ಎಲ್ಲರೂ ಅದಕ್ಕೇ ಸೈ ಅಂದೆವು. ಆಗ ಕೋಲಾರದ ಗೆಳೆಯನೊಬ್ಬ ನಕ್ಷೆಯ ಮೇಲೆ ಬೆರಳಿಟ್ಟು, "ನಮ್ಮ ಕೋಲಾರ ಯಾವಾಗಲೋ ಬೆಂಗಳೂರಿನಷ್ಟು ಕಿಕ್ಕಿರಿದದ್ದು?" ಅಂದ. ಅಲ್ಲಿಗೆ ಚೆಂದದ ಮಾತು ನಿಂತಿತು.

ಆದದ್ದು ಇಷ್ಟು. ನಾವು ಬಳಸಿದ್ದು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ. ಅದರಲ್ಲಿ ಪದರದ `Symbology`ಗೆ ಹೋಗಿ `Graduated` ಆರಿಸಿದರೆ ಕೆಳಗೆ `Mode` ಅಂತ ಒಂದು ಪಟ್ಟಿ ಬರುತ್ತದೆ. ಮೊದಲ ಜೋಡಿ ಅಲ್ಲಿ `Equal Interval` ಒತ್ತಿತ್ತು, ಎರಡನೆಯ ಜೋಡಿ `Equal Count (Quantile)` ಒತ್ತಿತ್ತು. ಒಂದನ್ನು ಸಮ ಅಂತರದ ವಿಧಾನ, ಇನ್ನೊಂದನ್ನು ಸಮ ಸಂಖ್ಯೆಯ ವಿಧಾನ ಅನ್ನೋಣ.

ಸಮ ಅಂತರದ ಲೆಕ್ಕ ಕೈಯಲ್ಲೇ ಹಾಕಬಹುದು. ಪಟ್ಟಿಯಲ್ಲಿ ಅತಿ ಕಡಿಮೆ ಕೊಡಗು, ಚದರ ಕಿಲೋಮೀಟರಿಗೆ 135 ಜನ. ಅತಿ ಹೆಚ್ಚು ಬೆಂಗಳೂರು ನಗರ, 4,381. ವ್ಯತ್ಯಾಸ 4,246. ಅದನ್ನು ಐದು ಪಾಲು ಮಾಡಿದರೆ ಒಂದೊಂದು ಪಾಲು ಸುಮಾರು 849. ಹಾಗಾಗಿ ಮೊದಲ ವರ್ಗ 135ರಿಂದ 984ರವರೆಗೆ, ಎರಡನೆಯದು ಅಲ್ಲಿಂದ 1,833ರವರೆಗೆ, ಹೀಗೆ. ಈಗ ಬೆಂಗಳೂರು ನಗರ ಬಿಟ್ಟರೆ ನಂತರದ ಜಿಲ್ಲೆ ಯಾವುದು ಅಂತ ನೋಡಿ: ಮೈಸೂರು, ಬರೀ 476. ಅಂದರೆ ಆಗಿನ 30 ಜಿಲ್ಲೆಗಳಲ್ಲಿ 29 ಮೊದಲ ವರ್ಗದಲ್ಲೇ ಕೂತವು, ಒಂದು ಐದನೆಯದರಲ್ಲಿ. ನಡುವಿನ ಮೂರು ವರ್ಗಗಳಲ್ಲಿ ನರಪಿಳ್ಳೆ ಇಲ್ಲ. ಸೂಚಿಯಲ್ಲಿ ಐದು ಬಣ್ಣ ಕಾಣುತ್ತವೆ, ನಕ್ಷೆಯಲ್ಲಿ ಎರಡೇ.

ಈ ನಕ್ಷೆ ಸುಳ್ಳೇ? ಅಲ್ಲ. ಬೆಂಗಳೂರಿಗೂ ಉಳಿದ ರಾಜ್ಯಕ್ಕೂ ಎಷ್ಟು ದೂರ ಇದೆ ಅನ್ನುವುದನ್ನು ಇದಕ್ಕಿಂತ ನೇರವಾಗಿ ಹೇಳಲು ಆಗುವುದಿಲ್ಲ. ಆದರೆ ಆ ಒಂದು ಮಾತಿಗೆ ಉಳಿದ ಎಲ್ಲ ಮಾತನ್ನೂ ನುಂಗಿಹಾಕಿತು. 140 ಇರುವ ಉತ್ತರ ಕನ್ನಡವೂ 434 ಇರುವ ಧಾರವಾಡವೂ ಒಂದೇ ಹಳದಿ. ಅಕ್ಕಪಕ್ಕದ ಈ ಎರಡು ಜಿಲ್ಲೆಗಳ ನಡುವೆ ಮೂರು ಪಟ್ಟು ವ್ಯತ್ಯಾಸ ಇದೆ, ಘಟ್ಟ ಇಳಿದವರಿಗೆಲ್ಲ ಅದು ಕಣ್ಣಿಗೇ ಕಾಣುತ್ತದೆ. ನಕ್ಷೆಗೆ ಮಾತ್ರ ಕಾಣಲಿಲ್ಲ.

ಸಮ ಸಂಖ್ಯೆಯ ವಿಧಾನ ಬೆಲೆಗಳ ನಡುವಿನ ದೂರವನ್ನು ನೋಡುವುದೇ ಇಲ್ಲ. ಜಿಲ್ಲೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ, 30ನ್ನು ಐದರಿಂದ ಭಾಗಿಸಿ, ಆರಾರು ಜಿಲ್ಲೆಗೆ ಒಂದು ಬಣ್ಣ ಕೊಡುತ್ತದೆ. ಕೊನೆಯ ಆರು ಯಾವುವು? ಕೋಲಾರ 386, ದಕ್ಷಿಣ ಕನ್ನಡ 430, ಬೆಂಗಳೂರು ಗ್ರಾಮಾಂತರ 431, ಧಾರವಾಡ 434, ಮೈಸೂರು 476, ಆಮೇಲೆ ಒಂದೇ ನೆಗೆತಕ್ಕೆ ಬೆಂಗಳೂರು ನಗರ 4,381. ಕೋಲಾರಕ್ಕಿಂತ ಹನ್ನೊಂದು ಪಟ್ಟು ಹೆಚ್ಚು ಇದ್ದರೂ ಬೆಂಗಳೂರಿಗೆ ಸಿಕ್ಕಿದ್ದು ಕೋಲಾರದ ಬಣ್ಣವೇ. ಅದೇ ಹೊತ್ತಿಗೆ ಕೋಲಾರಕ್ಕಿಂತ 22 ಮಾತ್ರ ಕಡಿಮೆ ಇರುವ ಮಂಡ್ಯ, 364, ಒಂದು ಮೆಟ್ಟಿಲು ಕೆಳಗಿನ ಬಣ್ಣಕ್ಕೆ ಹೋಯಿತು. ಸೂಚಿಯಲ್ಲಿ ಕೊನೆಯ ಸಾಲು "368 – 4381" ಅಂತ ಇತ್ತು. ಅದನ್ನು ನಾವು ಯಾರೂ ಓದಿರಲಿಲ್ಲ. ಬೇರೆ ಸಾಲುಗಳೆಲ್ಲ ನೂರರ ಒಳಗಿನ ಅಗಲ, ಇದೊಂದು ನಾಲ್ಕು ಸಾವಿರ ಅಗಲ. ಒಂದು ವರ್ಗ ಉಳಿದವಕ್ಕಿಂತ ಹೀಗೆ ಬಹಳ ಅಗಲವಾಗಿದ್ದರೆ, ಆ ಬಣ್ಣದ ಜಿಲ್ಲೆಗಳು ನಿಜವಾಗಿ ಒಂದೇ ತರಹದವೇ ಅಂತ ಒಮ್ಮೆ ಅನುಮಾನಿಸಬೇಕು.

ಸಾಲಿನ ಇನ್ನೊಂದು ತುದಿಯಲ್ಲಿ ಇನ್ನೊಂದು ತಮಾಷೆ ಸಿಕ್ಕಿತು. ಆರನೆಯ ಮತ್ತು ಏಳನೆಯ ಸ್ಥಾನದಲ್ಲಿ ವಿಜಯಪುರ ಮತ್ತು ಶಿವಮೊಗ್ಗ ಇವೆ, ಪಟ್ಟಿಯಲ್ಲಿ ಎರಡಕ್ಕೂ 207. ಗಡಿ ಬೀಳಬೇಕಾದ್ದು ಸರಿಯಾಗಿ ಅವೆರಡರ ನಡುವೆ. ತಂತ್ರಾಂಶ ಎರಡನ್ನೂ ಮೊದಲ ವರ್ಗಕ್ಕೇ ಹಾಕಿತು, ಹಾಗಾಗಿ ಅಲ್ಲಿ ಏಳು, ಮುಂದಿನದರಲ್ಲಿ ಐದು ಆದವು. ಅಷ್ಟಕ್ಕೇ ಬಿಡದೆ ಜನಸಂಖ್ಯೆಯನ್ನು ವಿಸ್ತೀರ್ಣದಿಂದ ಭಾಗಿಸಿ ದಶಮಾಂಶ ಸಮೇತ ಹಾಕಿದೆವು. ಶಿವಮೊಗ್ಗ 207ಕ್ಕೆ ಚೂರು ಕಡಿಮೆ, ವಿಜಯಪುರ 207ಕ್ಕೆ ಚೂರು ಜಾಸ್ತಿ. ತಕ್ಷಣ ಎರಡಕ್ಕೂ ಬೇರೆ ಬೇರೆ ಬಣ್ಣ ಬಂತು! ಚದರ ಕಿಲೋಮೀಟರಿಗೆ ಒಬ್ಬ ಮನುಷ್ಯನಷ್ಟೂ ವ್ಯತ್ಯಾಸ ಇಲ್ಲ, ಆದರೂ ನೋಡುವವರು ಒಂದು ಜಿಲ್ಲೆ ವಿರಳ, ಇನ್ನೊಂದು ಅಷ್ಟು ವಿರಳವಲ್ಲ ಅಂದುಕೊಳ್ಳುತ್ತಾರೆ.

ಸಮ ಬೆಲೆಗಳ ಈ ತೊಡಕು ನಾವಿರುವ ಊರಿನಲ್ಲಿ ಇನ್ನೂ ಜೋರು. ಸಿಂಗಪುರದ ಯೋಜನಾ ಪ್ರದೇಶಗಳು ಒಟ್ಟು 55. ಬೆಡೊಕ್, ಟ್ಯಾಂಪಿನೀಸ್, ಜುರಾಂಗ್ ವೆಸ್ಟ್‌ನಂಥವುಗಳಲ್ಲಿ 2020ರ ಗಣತಿಯ ಪ್ರಕಾರ ತಲಾ ಎರಡೂವರೆ ಲಕ್ಷಕ್ಕೂ ಹೆಚ್ಚು ನಿವಾಸಿಗಳು. ಸೆಂಟ್ರಲ್ ವಾಟರ್ ಕ್ಯಾಚ್‌ಮೆಂಟ್‌ನಂಥ ಕಡೆ ಕಾಡು, ಜಲಾಶಯ ಬಿಟ್ಟರೆ ವಾಸಿಸುವವರೇ ಇಲ್ಲ. ಇಂಥ ಸೊನ್ನೆಗಳು ಹಲವು ಇರುವಾಗ ಸಮ ಸಂಖ್ಯೆಯ ವಿಧಾನ ಮೊದಲ ವರ್ಗವನ್ನು ಸೊನ್ನೆಗಳಿಂದಲೇ ತುಂಬಿಸಿಬಿಡಬಹುದು, ಮೇಲೆ ಒಂದಷ್ಟು ಜನ ಇರುವ ಜಾಗವನ್ನೂ ಅದಕ್ಕೇ ಸೇರಿಸಬಹುದು. ಅಲ್ಲಿ ಸೊನ್ನೆಯನ್ನು ಮೊದಲೇ ತೆಗೆದು ಬೂದು ಬಣ್ಣ ಕೊಟ್ಟು, ಉಳಿದದ್ದನ್ನು ಮಾತ್ರ ವರ್ಗ ಮಾಡುವುದು ಒಳ್ಳೆಯದು.

ನಮ್ಮ ಪೋಸ್ಟರಿಗೂ ಕೊನೆಗೆ ಅದೇ ಉಪಾಯ, ಆದರೆ ತಲೆಕೆಳಗಾಗಿ. ಬೆಂಗಳೂರು ನಗರವನ್ನು ಲೆಕ್ಕದಿಂದ ಹೊರಗಿಟ್ಟೆವು. ಉಳಿದ 29 ಜಿಲ್ಲೆಗಳು 135ರಿಂದ 476ರ ನಡುವೆ ಇವೆ. ವ್ಯತ್ಯಾಸ 341, ಐದನೆಯ ಒಂದು ಪಾಲು 68. ಈಗ ಸಮ ಅಂತರ ಹಾಕಿದರೆ ವರ್ಗಗಳಲ್ಲಿ ಕ್ರಮವಾಗಿ 5, 9, 8, 3, 4 ಜಿಲ್ಲೆಗಳು ಬಂದವು. ಖಾಲಿ ವರ್ಗ ಇಲ್ಲ. ಮಂಡ್ಯ, ಕೋಲಾರ, ಬೆಳಗಾವಿ ಒಂದೇ ಬಣ್ಣಕ್ಕೆ ಬಂದವು, ಶಿವಮೊಗ್ಗ ಮತ್ತು ವಿಜಯಪುರ ಕೂಡ ಜೊತೆಯಾದವು. ಮೊದಲ ಎರಡು ನಕ್ಷೆಗಳಲ್ಲಿ ಸ್ಪಷ್ಟವಾಗಿ ಕಾಣದಿದ್ದದ್ದು ಈಗ ಕಂಡಿತು: ಅತಿ ವಿರಳ ಜಿಲ್ಲೆಗಳಾದ ಕೊಡಗು, ಉತ್ತರ ಕನ್ನಡ, ಚಿಕ್ಕಮಗಳೂರು ಘಟ್ಟದ ಸಾಲಿನಲ್ಲಿವೆ, ಚಾಮರಾಜನಗರ ತೆಂಕಣ ಕಾಡಿನ ಕಡೆ, ಚಿತ್ರದುರ್ಗ ಒಣ ಬಯಲಿನಲ್ಲಿ. ಅಂದರೆ ಜನ ವಿರಳವಾಗಿರುವುದಕ್ಕೆ ಕಾಡೂ ಕಾರಣವಾಗಬಹುದು, ಮಳೆಯಿಲ್ಲದ್ದೂ ಕಾರಣವಾಗಬಹುದು. ಬೆಂಗಳೂರು ನಗರಕ್ಕೆ ಆರನೆಯ ಬಣ್ಣ, ಸೂಚಿಯಲ್ಲಿ ಅದಕ್ಕೊಂದು ಪ್ರತ್ಯೇಕ ಸಾಲು, "4,381" ಅಂತ ಒಂಟಿ ಅಂಕಿ. ಅದಕ್ಕೂ ಐದನೆಯದಕ್ಕೂ ನಡುವೆ ಸೂಚಿಯಲ್ಲಿ ಬೇಕಂತಲೇ ಜಾಗ ಬಿಟ್ಟೆವು.

ಹಾಗಂತ ಸಮ ಸಂಖ್ಯೆಯ ವಿಧಾನ ಯಾವಾಗಲೂ ಮೋಸ ಅಂತೇನಲ್ಲ. "ನಮ್ಮ ಜಿಲ್ಲೆ ಮೂವತ್ತರಲ್ಲಿ ಎಲ್ಲಿ ನಿಲ್ಲುತ್ತದೆ" ಅನ್ನುವುದೇ ಪ್ರಶ್ನೆಯಾದರೆ ಅದೇ ಸರಿಯಾದ ಉತ್ತರ, ಯಾಕೆಂದರೆ ಅದು ಸ್ಥಾನವನ್ನೇ ಬಣ್ಣ ಮಾಡುತ್ತದೆ. ಆದರೆ ಎಷ್ಟು ಹಿಂದೆ ಅನ್ನುವುದು ಮುಖ್ಯವಾದಾಗ ಅದು ಕೈಕೊಡುತ್ತದೆ. ಅದೇ ಜನಗಣತಿಯ ಸಾಕ್ಷರತೆಯನ್ನು ತೆಗೆದುಕೊಳ್ಳಿ. ಯಾದಗಿರಿ ಶೇ. 51.83, ರಾಯಚೂರು 59.56, ಮೇಲೆ ದಕ್ಷಿಣ ಕನ್ನಡ 88.57. ಇಲ್ಲಿ ಬೆಂಗಳೂರಿನಂತೆ ಮೈಲಿಗಟ್ಟಲೆ ದೂರ ನಿಂತ ಜಿಲ್ಲೆ ಯಾವುದೂ ಇಲ್ಲ. ಸಮ ಸಂಖ್ಯೆಯಲ್ಲಿ ಕೆಳಗಿನ ಆರು ಜಿಲ್ಲೆಗಳು ಒಂದು ಬಣ್ಣವಾಗುತ್ತವೆ, ಯಾದಗಿರಿಯ ಜೊತೆ 67.43ರ ಬಳ್ಳಾರಿಯೂ ಅದರಲ್ಲೇ. ಸಮ ಅಂತರದಲ್ಲಿ ಒಂದು ಪಾಲು ಸುಮಾರು 7.35, ಮೊದಲ ಗಡಿ 59.18. ಆ ಗಡಿಯ ಕೆಳಗೆ ಉಳಿಯುವುದು ಯಾದಗಿರಿ ಒಂದೇ. ಶಾಲೆಗೆ, ಶಿಕ್ಷಕರಿಗೆ ಹಣ ಎಲ್ಲಿಗೆ ಮೊದಲು ಹೋಗಬೇಕು ಅಂತ ಈ ನಕ್ಷೆ ಹಿಡಿದು ಕೂತವರು ಒಂದರಲ್ಲಿ ಆರು ಜಿಲ್ಲೆಗಳಿಗೆ ಸಮ ಪಾಲು ಮಾಡುತ್ತಾರೆ, ಇನ್ನೊಂದರಲ್ಲಿ ಯಾದಗಿರಿಯ ಹೆಸರು ಮೊದಲು ಹೇಳುತ್ತಾರೆ.

ಎರಡು ವರ್ಷಗಳನ್ನು ಹೋಲಿಸುವಾಗ ಮಾತ್ರ ಎರಡೂ ವಿಧಾನಗಳನ್ನು ತಂತ್ರಾಂಶಕ್ಕೆ ಬಿಡಬಾರದು. 2001ರಲ್ಲಿ ಬೆಂಗಳೂರು ನಗರದ ಸಾಂದ್ರತೆ 2,985 ಇತ್ತು, ಹತ್ತು ವರ್ಷದಲ್ಲಿ 4,381 ಆಯಿತು. ಸಮ ಸಂಖ್ಯೆಯ ಎರಡೂ ನಕ್ಷೆಗಳಲ್ಲಿ ಕಡು ಕೆಂಪು ಜಿಲ್ಲೆಗಳು ಆರೇ ಇರುತ್ತವೆ, ರಾಜ್ಯವೆಲ್ಲ ದುಪ್ಪಟ್ಟಾದರೂ ಆರೇ. ಸಮ ಅಂತರದಲ್ಲಿ ಪಾಲಿನ ಅಗಲವೇ ಸುಮಾರು 570ರಿಂದ 849ಕ್ಕೆ ಬದಲಾಗಿರುತ್ತದೆ, ಹಾಗಾಗಿ ಒಂದೇ ಬಣ್ಣಕ್ಕೆ ಎರಡು ನಕ್ಷೆಯಲ್ಲಿ ಎರಡು ಅರ್ಥ. ಎರಡೂ ವರ್ಷದ ಅಂಕಿಗಳನ್ನು ಒಟ್ಟಿಗೆ ನೋಡಿ, ಗಡಿಗಳನ್ನು ನಾವೇ ನಿರ್ಧರಿಸಿ, ಎರಡೂ ನಕ್ಷೆಗೆ ಅವನ್ನೇ ಕೈಯಾರೆ ಬರೆಯಬೇಕು. `Symbology`ಯಲ್ಲಿ `Values` ಸಾಲಿನ ಅಂಕಿಗಳ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅವನ್ನು ಬದಲಿಸಬಹುದು.

ಈಗ ನಮ್ಮಲ್ಲಿ ಯಾರು ನಕ್ಷೆ ಮಾಡಿದರೂ ಮೊದಲು `Histogram` ತೆರೆದು ಬೆಲೆಗಳು ಎಲ್ಲೆಲ್ಲಿ ಗುಂಪಾಗಿವೆ ಅಂತ ನೋಡುತ್ತೇವೆ. ಆಮೇಲೆ ಪದರದ ಮೇಲೆ ಬಲ ಕ್ಲಿಕ್ ಮಾಡಿ `Show Feature Count` ಹಾಕುತ್ತೇವೆ, ಪ್ರತಿ ಬಣ್ಣದ ಎದುರು ಎಷ್ಟು ಜಿಲ್ಲೆ ಅಂತ ಬರುತ್ತದೆ. 29, 0, 0, 0, 1 ಅಂತ ಕಂಡರೆ ಒಂದು ಸಮಸ್ಯೆ, 6, 6, 6, 6, 6 ಅಂತ ಕಂಡು ಒಂದು ವರ್ಗ ಮಾತ್ರ ಉದ್ದಕ್ಕೆ ಎಳೆದಿದ್ದರೆ ಇನ್ನೊಂದು. ಪೋಸ್ಟರ್ ಗೋಡೆಗೆ ಏರಿತು. ಕೋಲಾರದವನು ಒಪ್ಪಿದ. ಆದರೆ ಹೊಸಪೇಟೆಯ ಗೆಳತಿಯೊಬ್ಬಳು ಬಂದು, "ನಮ್ಮ ವಿಜಯನಗರ ಜಿಲ್ಲೆ ಎಲ್ಲಿ?" ಅಂದಳು. ಬಳ್ಳಾರಿಯಿಂದ ಅದು ಬೇರೆಯಾದದ್ದು 2021ರಲ್ಲಿ, ನಮ್ಮ ಅಂಕಿಗಳು 2011ರವು. ನಕ್ಷೆಯ ಕೆಳಗೆ ಆ ಒಂದು ಸಾಲನ್ನು ಪೆನ್ನಿನಲ್ಲೇ ಬರೆದೆವು.