ಒಳ ಹತ್ತನ್ನು ಕೂಡಿಸಬಾರದು: ಎಂಟನೆಯ ತರಗತಿಯ ಒಂದು ಗಣಿತ ಪಾಠ

ತರಗತಿ: 8. ಘಟಕ: ದತ್ತಾಂಶ ನಿರ್ವಹಣೆ. ಅವಧಿ: 40 ನಿಮಿಷ.
ಉದ್ದೇಶ: ಒಂದಕ್ಕಿಂತ ಹೆಚ್ಚು ಮಾನದಂಡಗಳಿದ್ದಾಗ ದತ್ತಾಂಶವನ್ನು ಕ್ರಮವಾಗಿ ಜೋಡಿಸುವುದು.
ಉಪಕರಣ: ಡ್ರಾಯಿಂಗ್ ಹಾಳೆ, ಕೈವಾರ, ರಟ್ಟಿನ ಬಿಲ್ಲೆ, ಅಂಕಗಳ ಚಾರ್ಟು.

ಕಾರವಾರದಿಂದ ಬೆಳಗಿನ ಬಸ್ಸು ಹಿಡಿದು ಅಂಕೋಲೆಯ ಪ್ರೌಢಶಾಲೆಯೊಂದಕ್ಕೆ ಬೋಧನಾ ಅಭ್ಯಾಸಕ್ಕೆ ಹೋಗುತ್ತಿದ್ದ ದಿನಗಳಲ್ಲಿ ಮಾಡಿದ ಪಾಠವಿದು. ಪರೀಕ್ಷೆಯ ಅಂಕಗಳನ್ನು ಏರಿಕೆ, ಇಳಿಕೆ ಕ್ರಮದಲ್ಲಿ ಬರೆಯುವುದು ಮಕ್ಕಳಿಗೆ ಆಗಲೇ ಗೊತ್ತಿತ್ತು. ಇಬ್ಬರ ಅಂಕ ಸಮವಾದರೆ ಏನು ಮಾಡಬೇಕೆಂಬುದು ಗೊತ್ತಿರಲಿಲ್ಲ. ಅದಕ್ಕೆ 2024ರ ಪ್ಯಾರಿಸ್ ಒಲಿಂಪಿಕ್ಸಿನ ಶೂಟಿಂಗ್ ಅಂಕಗಳನ್ನು ಆರಿಸಿಕೊಂಡೆ.

ಮೊದಲು ಗುರಿಹಲಗೆಯ ನಡುಭಾಗವನ್ನು ಹತ್ತು ಪಟ್ಟು ದೊಡ್ಡದಾಗಿ ಬರೆಸಿದೆ. 10 ಮೀಟರ್ ಏರ್ ಪಿಸ್ತೂಲಿನ ಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್. ಅದರೊಳಗೆ 5 ಮಿಲಿಮೀಟರ್ ವ್ಯಾಸದ ಇನ್ನೊಂದು ವೃತ್ತವಿದೆ. ಇದೇ ಒಳ ಹತ್ತು. ಗುಂಡಿನ ವ್ಯಾಸ 4.5 ಮಿಲಿಮೀಟರ್. ಹಾಗಾಗಿ ಹಾಳೆಯ ಮೇಲೆ 115 ಮತ್ತು 50 ಮಿಲಿಮೀಟರಿನ ಎರಡು ವೃತ್ತಗಳು ಬಂದವು, ಗುಂಡಿನ ಬದಲಿಗೆ 45 ಮಿಲಿಮೀಟರಿನ ರಟ್ಟಿನ ಬಿಲ್ಲೆ. ಬಿಲ್ಲೆಯ ಅಂಚು ಗೆರೆಗೆ ತಾಗಿದರೂ ಸಾಕು, ಒಳಗಿನ ವೃತ್ತದ ಅಂಕವೇ ಸಿಗುತ್ತದೆ. ಮಕ್ಕಳು ಬಿಲ್ಲೆ ಸರಿಸಿ ಅಳೆದು ತಾವೇ ಕಂಡುಕೊಂಡರು: ನಿಜವಾದ ಹಲಗೆಯಲ್ಲಿ ಗುಂಡಿನ ಕೇಂದ್ರ ಹಲಗೆಯ ಕೇಂದ್ರದಿಂದ 8 ಮಿಲಿಮೀಟರ್ ದೂರವಿದ್ದರೂ ಹತ್ತು ಬರುತ್ತದೆ, ಒಳ ಹತ್ತಿಗೆ 4.75 ಮಿಲಿಮೀಟರಿನೊಳಗೆ ಬೀಳಬೇಕು.

ಅರ್ಹತಾ ಸುತ್ತಿನಲ್ಲಿ ಪ್ರತಿಯೊಬ್ಬರದೂ 60 ಗುಂಡು. ಹತ್ತು ಹತ್ತು ಗುಂಡುಗಳ ಆರು ಸರಣಿ, ಒಟ್ಟು ಅಂಕ 600ಕ್ಕೆ. ಮೊದಲ ಎಂಟು ಮಂದಿ ಮಾತ್ರ ಫೈನಲಿಗೆ ಹೋಗುತ್ತಾರೆ. ಒಳ ಹತ್ತಿಗೂ ಅಂಕ ಹತ್ತೇ. ಆದರೆ ಅವೆಷ್ಟು ಎಂಬುದನ್ನು ಬೇರೆಯಾಗಿ ಎಣಿಸಿ, ಅಂಕದ ಪಕ್ಕದಲ್ಲಿ 580-27x ಎಂಬಂತೆ ತೋರಿಸುತ್ತಾರೆ.

ಜುಲೈ 27ರ ಮಹಿಳೆಯರ ಅರ್ಹತಾ ಸುತ್ತಿನ ಮೂರು ಸಾಲುಗಳನ್ನು ಚಾರ್ಟಿನಲ್ಲಿ ಹೆಸರಿನ ಕ್ರಮ ಕಲಸಿ ಬರೆದಿದ್ದೆ. ಮನು ಭಾಕರ್ 580-27x, ಕೊರಿಯಾದ ಓ ಯೆ ಜಿನ್ 582-20x, ಹಂಗೇರಿಯ ವೆರೋನಿಕಾ ಮಾಯೋರ್ 582-22x. ಒಂದನೆಯ ಸ್ಥಾನ ಯಾರಿಗೆ ಎಂದು ಕೇಳಿದೆ.

ತರಗತಿಯ ಅರ್ಧಕ್ಕಿಂತ ಹೆಚ್ಚು ಮಂದಿ ಮನು ಭಾಕರ್ ಎಂದರು. ನಮ್ಮ ದೇಶದವಳೆಂಬ ಪ್ರೀತಿಗೆ ಹೇಳಿದ್ದಾರೆಂದುಕೊಂಡು ನಾನು ನಕ್ಕು ಮುಂದೆ ಹೋದೆ. ಹಿಂದಿನ ಬೆಂಚಿನ ಹುಡುಗಿ ಮಾತ್ರ ಬಿಡಲಿಲ್ಲ. "ಅಕ್ಕೋರೇ, ಲೆಕ್ಕ ಮಾಡಿಯೇ ಹೇಳಿದ್ದು. 580ಕ್ಕೆ 27 ಕೂಡಿದರೆ 607. ಅವರಿಬ್ಬರದು 604, 602."

ಅವಳ ಕೂಡಿಕೆ ಸರಿಯಾಗಿತ್ತು. ತಪ್ಪು ನನ್ನದು. ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದೆ, ಅವುಗಳ ಸಂಬಂಧ ಏನೆಂದು ಹೇಳಲಿಲ್ಲ. ಕೂಡುವುದೇ ರೂಢಿಯಾದ ಮಕ್ಕಳು ಕೂಡಿದರು.

ಪಾಠಯೋಜನೆ ಬದಿಗಿಟ್ಟು ಶಾಲೆಯ ನಿಘಂಟು ತರಿಸಿದೆ. 'ಕಡಲು' ಮೊದಲು ಬರುತ್ತದೋ 'ಗಡಿ'ಯೋ? ಮೊದಲ ಅಕ್ಷರವೇ ಬೇರೆಯಾದ್ದರಿಂದ ಮುಂದಿನ ಅಕ್ಷರ ನೋಡುವ ಅಗತ್ಯವೇ ಇಲ್ಲ. 'ಕಡಲು', 'ಕಥೆ' ಎಂದಾಗ ಮಾತ್ರ ಎರಡನೆಯ ಅಕ್ಷರಕ್ಕೆ ಹೋಗುತ್ತೇವೆ. ಶೂಟಿಂಗಿನಲ್ಲಿ ಒಟ್ಟು ಅಂಕ ಮೊದಲ ಅಕ್ಷರ, ಒಳ ಹತ್ತು ಎರಡನೆಯ ಅಕ್ಷರ. 582ಕ್ಕೂ 580ಕ್ಕೂ ನಡುವೆ ತೀರ್ಮಾನ ಮೊದಲ ಅಕ್ಷರದಲ್ಲೇ ಮುಗಿಯಿತು, ಮನುವಿನ 27ನ್ನು ಯಾರೂ ನೋಡುವುದಿಲ್ಲ. ಎರಡು 582ಗಳ ನಡುವೆ 22, 20 ನೋಡಬೇಕು. ಆದ್ದರಿಂದ ಮಾಯೋರ್ ಒಂದು, ಓ ಎರಡು, ಮನು ಮೂರು. ಆ ಹುಡುಗಿಯೇ ಎದ್ದು ಬಂದು ಚಾರ್ಟು ತಿದ್ದಿದಳು.

ಅದೇ ದಿನದ ಪುರುಷರ ಸುತ್ತಿನಲ್ಲಿ ಈ ಎರಡನೆಯ ಅಕ್ಷರದ ಬೆಲೆ ಏನೆಂದು ಕಾಣುತ್ತದೆ. ಸರಬ್ಜೋತ್ ಸಿಂಗ್ ಅವರ ಆರು ಸರಣಿಗಳು 94, 97, 96, 100, 93, 97. ಮಕ್ಕಳು ಕೂಡಿ 577 ಎಂದರು. ಜರ್ಮನಿಯ ರಾಬಿನ್ ವಾಲ್ಟರ್ ಅವರದೂ 577. ಒಳ ಹತ್ತು ಸರಬ್ಜೋತ್‌ಗೆ 16, ವಾಲ್ಟರ್‌ಗೆ 17. ವಾಲ್ಟರ್ ಎಂಟನೆಯವರಾಗಿ ಫೈನಲಿಗೆ ಹೋದರು, ಸರಬ್ಜೋತ್ ಒಂಬತ್ತನೆಯವರಾಗಿ ಹೊರಗುಳಿದರು.

"ಇನ್ನೊಂದು ಒಳ ಹತ್ತು ಸಿಕ್ಕಿದ್ದರೆ ಸರಬ್ಜೋತ್ ಒಳಗೆ ಹೋಗ್ತಿದ್ರು" ಎಂದ ಒಬ್ಬ. ಅಷ್ಟು ಸಲೀಸಲ್ಲ. ಅವರು ಹೊಡೆದ ಹತ್ತುಗಳಲ್ಲಿ ಒಂದು ಒಳ ಹತ್ತಾಗಿದ್ದರೆ ಇಬ್ಬರೂ 577-17x ಆಗುತ್ತಿದ್ದರು. ಆಗ ಮೂರನೆಯ ಅಕ್ಷರ: ಕೊನೆಯ ಸರಣಿ ಯಾರದು ಹೆಚ್ಚು? ಅದೂ ಸಮವಾದರೆ ಐದನೆಯದು, ನಾಲ್ಕನೆಯದು, ಹೀಗೆ ಹಿಂದಕ್ಕೆ. ಆರೂ ಸಮವಾದರೆ ಕೊನೆಯ ಗುಂಡಿನಿಂದ ಹಿಂದಕ್ಕೆ ಒಂದೊಂದೇ ಗುಂಡನ್ನು ಹೋಲಿಸುತ್ತಾರೆ.

ಇದಕ್ಕೆ ಅಭ್ಯಾಸವೆಂದು ನಾನೇ ಕಟ್ಟಿದ ಅಂಕಗಳನ್ನು ಕೊಟ್ಟೆ.

ಎ: 95, 96, 97, 94, 98, 95, ಒಳ ಹತ್ತು 14
ಬಿ: 97, 95, 96, 96, 94, 97, ಒಳ ಹತ್ತು 14
ಸಿ: 94, 95, 96, 95, 96, 99, ಒಳ ಹತ್ತು 12

ಮೂವರದೂ ಒಟ್ಟು 575. ಕೊನೆಯ ಸರಣಿಯ 99 ಕಂಡ ಕೆಲವರು ಸಿಯನ್ನು ಮೊದಲಿಟ್ಟರು. ಸಿ ಎರಡನೆಯ ಅಕ್ಷರದಲ್ಲೇ ಹಿಂದೆ ಬಿದ್ದಿದೆ, ಅದರ 99ರ ತನಕ ನಾವು ಹೋಗುವುದೇ ಇಲ್ಲ. ಎ, ಬಿ ನಡುವೆ ಮಾತ್ರ 95, 97 ನೋಡಬೇಕು. ಸರಿಯಾದ ಕ್ರಮ ಬಿ, ಎ, ಸಿ. ಉತ್ತರ ತಪ್ಪಾದವರನ್ನು "ಯಾವ ಹಂತದಲ್ಲಿ ನಿಂತೆ?" ಎಂದು ಕೇಳಿದರೆ ತಪ್ಪೆಲ್ಲಿ ಎಂದು ತಕ್ಷಣ ತಿಳಿಯುತ್ತದೆ.

ಕೊನೆಯಲ್ಲಿ ಬಂದ ಪ್ರಶ್ನೆ: "ಸಮ ಆದವರಿಗೆ ಇನ್ನೊಮ್ಮೆ ಹೊಡೆಸಬಹುದಲ್ಲ ಅಕ್ಕೋರೇ?" ಹೊಡೆಸುತ್ತಾರೆ, ಆದರೆ ಫೈನಲಿನಲ್ಲಿ. ಅದೇ ಶೂಟ್-ಆಫ್. ಮೇಲಿನ ಅರ್ಹತಾ ಸುತ್ತಿನಲ್ಲಿ ಆಗಲೇ ಹೊಡೆದ ಗುಂಡುಗಳಿಂದಲೇ ತೀರ್ಮಾನ. ಆಗಸ್ಟ್ 3ರ ಮಹಿಳೆಯರ 25 ಮೀಟರ್ ಪಿಸ್ತೂಲ್ ಫೈನಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಅಂಕವಿಲ್ಲ, ಗುರಿ ತಾಗಿದರೆ ಒಂದು, ಇಲ್ಲದಿದ್ದರೆ ಸೊನ್ನೆ. ಎಂಟು ಸರಣಿಗಳ ನಂತರ ಮನು ಭಾಕರ್ ಮತ್ತು ವೆರೋನಿಕಾ ಮಾಯೋರ್ ಇಬ್ಬರಿಗೂ 28. ಒಬ್ಬರು ನಾಲ್ಕನೆಯವರಾಗಿ ಹೊರಹೋಗಬೇಕಿತ್ತು. ಐದು ಗುಂಡಿನ ಶೂಟ್-ಆಫ್‌ನಲ್ಲಿ ಮಾಯೋರ್ 4, ಮನು 3. ಮನು ನಾಲ್ಕನೆಯವರಾದರು. ಆದರೆ ಅವರ ಮೊತ್ತ 31 ಆಗಲಿಲ್ಲ, 28ರಲ್ಲೇ ಉಳಿಯಿತು. ಚಿನ್ನವೂ ಹೀಗೆಯೇ ತೀರ್ಮಾನವಾಯಿತು: ಕೊರಿಯಾದ ಯಾಂಗ್ ಜಿ-ಇನ್, ಫ್ರಾನ್ಸಿನ ಕಮಿಲ್ ಜೆದ್ರೆಜೆವ್ಸ್ಕಿ ಇಬ್ಬರದೂ 37, ಶೂಟ್-ಆಫ್ 4–1.

ಶೂಟ್-ಆಫ್ ಕೂಡ ಸ್ಥಾನವನ್ನಷ್ಟೇ ಬೇರ್ಪಡಿಸುತ್ತದೆ, ಮೊತ್ತಕ್ಕೆ ಸೇರುವುದಿಲ್ಲ. ಇದನ್ನು ನಾನು ಹೇಳುವ ಮೊದಲೇ ಹಿಂದಿನ ಬೆಂಚಿನಿಂದ ಮಾತು ಬಂತು: "ಇದನ್ನೂ ಕೂಡಿಸೂಕಾಗ, ಅಲ್ದಾ?"

ಮುಂದಿನ ಸಲ ಈ ಪಾಠ ಮಾಡುವಾಗ ನಿಘಂಟಿನಿಂದಲೇ ಆರಂಭಿಸುತ್ತೇನೆ. ಚಾರ್ಟಿನಲ್ಲಿ ಒಟ್ಟು ಅಂಕಕ್ಕೆ ಒಂದು ಕಂಬಸಾಲು, ಒಳ ಹತ್ತಿಗೆ ಇನ್ನೊಂದು ಕಂಬಸಾಲು ಮಾಡಿ, ನಡುವೆ ದಪ್ಪ ಗೆರೆ ಎಳೆಯುತ್ತೇನೆ. 580, 27 ಎಂಬ ಸಾಲನ್ನು ಮಾತ್ರ ತೆಗೆಯುವುದಿಲ್ಲ. ಕೂಡಿದರೆ ಮೂರನೆಯವರು ಮೊದಲನೆಯವರಾಗುವ ಈ ಸಾಲೇ ತಪ್ಪನ್ನು ಹೊರಗೆ ತರುತ್ತದೆ. ಮತ್ತು ಮಗುವಿನ ಉತ್ತರ ತಪ್ಪೆನಿಸಿದಾಗ ನಗುವ ಮೊದಲು "ಹೇಗೆ ಮಾಡಿದೆ?" ಎಂದು ಕೇಳುತ್ತೇನೆ.