‘ಕುಡಿಸಿ’ ಅಂದಮೇಲೆ ಮುಂದೇನು?



ಮಳೆಗಾಲ ಶುರುವಾಯಿತೆಂದರೆ ನಮ್ಮ ಕೈಗೆ ಇಂಗ್ಲಿಷಿನ ಆರೋಗ್ಯ ಕರಪತ್ರಗಳು ಬರುತ್ತವೆ. ಕನ್ನಡಕ್ಕೆ ಮಾಡಿ ಹಳ್ಳಿಗೆ ಮುಟ್ಟಿಸಬೇಕು. ಮಕ್ಕಳ ಭೇದಿ ಮತ್ತು ಓ.ಆರ್.ಎಸ್. ಬಗ್ಗೆ ಒಂದು ಪುಟದ ಕರಪತ್ರವನ್ನು ಒಮ್ಮೆ ನಾನೇ ಕನ್ನಡಕ್ಕೆ ಮಾಡಿದ್ದೆ. ಬಳ್ಳಾರಿಯ ಕಚೇರಿಯಲ್ಲಿ ಓದಿದವರೆಲ್ಲ ಚೆನ್ನಾಗಿದೆ ಅಂದರು. ಕುರುಗೋಡು ಕಡೆಯ ಒಂದು ಮಹಿಳಾ ಸಂಘದಲ್ಲಿ ಎಂಟನೇ ಕ್ಲಾಸಿನ ಹುಡುಗಿ ಅದನ್ನು ಗಟ್ಟಿಯಾಗಿ ಓದಿದಳು: “ನೀರು ಕುದಿಸಿ. ಆರಿಸಿ. ಪುಡಿ ಬೆರೆಸಿ. ಮಗುವಿಗೆ ಕುಡಿಸಿ.” ಓದಿ ಸುಮ್ಮನಾದಳು. ಹೆಂಗಸರೂ ಸುಮ್ಮನೆ ಕೂತರು. ಕಡೆಗೆ ಒಬ್ಬ ಅಜ್ಜಿ ಕೇಳಿದರು: “ಕುಡಿಸಿ... ಮುಂದೇನು ಮಾಡಬೇಕವ್ವಾ?”

ಅಜ್ಜಿ ತಮಾಷೆ ಮಾಡಿದ್ದಲ್ಲ. ಮೈಸೂರು ಕಡೆಯ ಕನ್ನಡದಲ್ಲಿ ‘ಕುಡಿಸಿ’ ಅಂದರೆ ಮರ್ಯಾದೆಯಿಂದ ಹೇಳಿದ ಮಾತು, ‘ನೀವು ಕುಡಿಸಿ’ ಅಂತ. ನಮ್ಮ ಈ ಕಡೆ ಮರ್ಯಾದೆಯ ಮಾತಿಗೆ ‘ರಿ’ ಇರಲೇಬೇಕು: ಕುಡಸ್ರಿ, ಬರ್ರಿ, ಕುಂದರ್ರಿ. ‘ರಿ’ ಇಲ್ಲದ ‘ಕುಡಿಸಿ’ ಅಜ್ಜಿಯ ಕಿವಿಗೆ ‘ಕುಡಿಸಿದ ಮೇಲೆ’ ಅಂತ ಕೇಳುತ್ತದೆ. ‘ಕೂಸಿಗೆ ಕುಡಿಸಿ ಬಂದೆ’ ಅನ್ನುವಾಗಿನ ‘ಕುಡಿಸಿ’ ಅದು. ಹಾಗಾಗಿ ನನ್ನ ನಾಲ್ಕು ವಾಕ್ಯಗಳು ಅವರಿಗೆ ಒಂದೇ ಒಂದು ಮುಗಿಯದ ವಾಕ್ಯವಾಗಿ ಕೇಳಿದವು: ನೀರು ಕುದಿಸಿ, ಆರಿಸಿ, ಬೆರೆಸಿ, ಕುಡಿಸಿ... ಕಾಗದದ ಮೇಲೆ ಚುಕ್ಕಿ ಇತ್ತು ನಿಜ, ಆದರೆ ಕೇಳುವವರಿಗೆ ಚುಕ್ಕಿ ಕಾಣುವುದಿಲ್ಲ. ಶಾಲೆಯ ರಾಗದಲ್ಲಿ ಓದುವ ಹುಡುಗಿ ಅದನ್ನು ಕೇಳಿಸುವುದೂ ಇಲ್ಲ.

ತಪ್ಪು ನನ್ನದು. ನಾನು ಕರಾವಳಿಯವಳು. ಅಲ್ಲಿ ನಮ್ಮಂಥವರ ಮನೆಗಳಲ್ಲಿ ಕೊಂಕಣಿ ಇಲ್ಲವೇ ತುಳು, ಕನ್ನಡ ಕಲಿಯುವುದು ಶಾಲೆಯಲ್ಲಿ. ಆದ್ದರಿಂದ ನಮ್ಮ ಮಾತೇ ಪುಸ್ತಕದ ಹಾಗಿರುತ್ತದೆ. ಪುಸ್ತಕದ ಕನ್ನಡ ಎಲ್ಲರಿಗೂ ಒಂದೇ ಅಂತ ನಾನು ನಂಬಿದ್ದೆ. ನಮ್ಮ ಕಡೆಯ ಹವ್ಯಕರ ಮನೆಯಲ್ಲಿ ‘ಕೂಸು’ ಅಂದರೆ ಹೆಣ್ಣುಮಗು, ಗಂಡಾದರೆ ‘ಮಾಣಿ’. ಇಲ್ಲಿ ಹೆಣ್ಣಾಗಲಿ ಗಂಡಾಗಲಿ ಎಳೆಮಗು ಅಂದರೆ ಕೂಸು. ಇಷ್ಟು ಗೊತ್ತಾಗಲಿಕ್ಕೆ ನನಗೆ ಒಂದು ವರ್ಷ ಹಿಡಿಯಿತು.

ಈ ಭಾಗದ ಮಾತು ಹೀಗೆ ಬೇರೆಯಾಗಲು ಚರಿತ್ರೆಯೂ ಕಾರಣ. ಬಳ್ಳಾರಿ 1800ರಿಂದ ಮದ್ರಾಸಿನ ಆಡಳಿತದಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಆದೋನಿ, ಆಲೂರು, ರಾಯದುರ್ಗ ಆಗ ಆಂಧ್ರಕ್ಕೆ ಹೋದವು. ಸಿರುಗುಪ್ಪದ ಎಷ್ಟೋ ಮನೆಗಳಿಗೆ ಇಂದಿಗೂ ಆದೋನಿ ಕಡೆ ಬೀಗತನ ಇದೆ. ತುಂಗಭದ್ರೆ ದಾಟಿದರೆ ಆಚೆ ರಾಯಚೂರು ಸೀಮೆ, ಅದು 1956ರವರೆಗೆ ಹೈದರಾಬಾದಿನದು. ಕಾಲುವೆ ನೀರು ಬಂದಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ಮನೆಮಾತು ತೆಲುಗು. ಹೀಗೆ ಒಂದೇ ತಾಲ್ಲೂಕಿನಲ್ಲಿ ‘ಐತೆ’ ಅನ್ನುವವರು, ‘ಐತಿ’ ಅನ್ನುವವರು ಇದ್ದಾರೆ, ರಾಯಚೂರು ಕಡೆಯಿಂದ ಬಂದ ಸೊಸೆಯ ಬಾಯಲ್ಲಿ ‘ಅದ’ ಕೂಡ ಕೇಳುತ್ತದೆ. ಈ ವ್ಯತ್ಯಾಸಕ್ಕೆ ನಾವು ಹೆದರಬೇಕಾಗಿಲ್ಲ. ಐತೆ, ಐತಿ, ಅದ, ಇದೆ ಯಾವುದು ಅಂದರೂ ಎಲ್ಲರಿಗೂ ತಿಳಿಯುತ್ತದೆ. ತೊಂದರೆ ಕೊಡುವುದು ಬೇರೆ ಜಾತಿಯ ಮಾತು: ಇಬ್ಬರಿಗೂ ಗೊತ್ತಿರುವ, ಆದರೆ ಇಬ್ಬರಿಗೂ ಬೇರೆ ಬೇರೆ ಅರ್ಥ ಕೊಡುವ ಪದ. ಗೊತ್ತಿಲ್ಲದ ಪದ ಬಂದರೆ ಹೆಂಗಸರು ಕೇಳುತ್ತಾರೆ. ಗೊತ್ತಿದೆ ಅಂದುಕೊಂಡ ಪದವನ್ನು ಯಾರೂ ಕೇಳುವುದಿಲ್ಲ, ತಲೆಯಾಡಿಸಿ ಮನೆಗೆ ಹೋಗುತ್ತಾರೆ.

ಅದೇ ಕರಪತ್ರದಲ್ಲಿ ಅಂಥವು ಇನ್ನೂ ಇದ್ದವು. ‘ಆರಿಸಿ’ ಅಂತ ಬರೆದಿದ್ದೆ, ತಣ್ಣಗೆ ಮಾಡಿ ಅನ್ನುವ ಅರ್ಥದಲ್ಲಿ. ಆದರೆ ಕಾಳು ಆರಿಸುವುದು, ಕಲ್ಲು ಆರಿಸುವುದು ಅವರ ದಿನದ ಕೆಲಸ. ಕುದ್ದ ನೀರಿನಲ್ಲಿ ಏನು ಆರಿಸಬೇಕು? ಒಬ್ಬಾಕೆ ಕಸ ತೆಗೆಯೋದು ಅಂತ ತಿಳಿದು “ಸೋಸೋದು ಅಲ್ಲೇನ್ರಿ?” ಅಂದಳು. ‘ತಣ್ಣಗ ಮಾಡಿ’ ಅಂದರೆ ಈ ಗೊಂದಲವೇ ಇಲ್ಲ.

ಕುದಿಸುವುದರಲ್ಲೂ ಒಂದು ಸೂಕ್ಷ್ಮ ಇದೆ. ‘ಕಾಯಿಸಿದ ನೀರು’ ಅಂತ ಬರೆದರೆ ‘ನೀರು ಕಾಸಿದರೆ ಸಾಕು’ ಅಂತಾಗುತ್ತದೆ. ಕಾಸುವುದು ಮೈತೊಳೆಯುವ ನೀರಿಗೆ, ಕೈಗೆ ಬಿಸಿ ಹತ್ತಿದರೆ ಮುಗಿಯಿತು. ನಮಗೆ ಬೇಕಾದದ್ದು ಗುಳ್ಳೆ ಎದ್ದು ಮೇಲೆ ಕೆಳಗೆ ಹೊರಳುವ ನೀರು. ಅದಕ್ಕೆ ಅವರ ಬಳಿ ಚೊಕ್ಕ ಮಾತಿದೆ: ಎಸರು ಮಳ್ಳೋದು. ‘ಎಸರು ಮಳ್ಳಿದಂಗ ನೀರು ಮಳ್ಳಬೇಕು’ ಅಂದರೆ ಯಾವ ವಿವರಣೆಯೂ ಬೇಡ.

‘ಹುಷಾರಿಲ್ಲದ ಮಗು’ ಅಂತಲೂ ಬರೆದಿದ್ದೆ. ಇಲ್ಲಿ ಹುಷಾರು ಅಂದರೆ ಜಾಣ, ಚುರುಕು. ಮೈ ಚೆನ್ನಾಗಿಲ್ಲದಿದ್ದರೆ ‘ಆರಾಮಿಲ್ಲ’ ಅನ್ನುತ್ತಾರೆ. ಮಾತ್ರೆಗೆ ‘ಗುಳಿಗಿ’, ಗಂಟೆಗೆ ‘ತಾಸು’. ಈ ಮೂರನ್ನು ಬದಲಿಸಿದ್ದು ಸುಲಭದ ಕೆಲಸ, ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ನಿಜವಾದ ಪಾಠ ಸಿಕ್ಕಿದ್ದು ತಲೆಬರಹದಲ್ಲೇ ಇದ್ದ ‘ಭೇದಿ’ಯಲ್ಲಿ. ಕುರುಗೋಡಿನ ಅನುಭವದ ಮೇಲೆ ತಿದ್ದಿದ ಪ್ರತಿಯನ್ನು ಸಿರುಗುಪ್ಪ ತಾಲ್ಲೂಕಿನ ಹೊಳೆಸಾಲಿನ ಒಂದು ಹಳ್ಳಿಗೆ ಒಯ್ದೆ. ಪೂರ್ತಿ ಓದಿ, ಎಲ್ಲರಿಗೂ ತಿಳಿಯಿತಾ ಅಂದೆ. ತಿಳೀತ್ರಿ ಅಂದರು. ಅಲ್ಲೇ ಒಬ್ಬ ತಾಯಿಯ ತೊಡೆಯ ಮೇಲಿನ ಕೂಸು ಬೆಳಿಗ್ಗೆಯಿಂದ ಐದಾರು ಸಲ ನೀರು ನೀರಾಗಿ ಮಾಡಿಕೊಂಡಿತ್ತು. “ಈ ಕೂಸಿಗೆ ಕುಡಿಸಿದೆಯೇನವ್ವಾ?” ಅಂದರೆ “ಇದಕ್ಕ ಭೇದಿ ಎಲ್ಲೈತಿ? ಹಲ್ಲು ಬರಾಕತ್ಯಾವ, ಅದಕ್ಕ ಜಾಡಸ್ತೈತಿ” ಅಂದಳು.

ಅವಳು ಹೇಳಿದ್ದನ್ನು ಬಿಡಿಸಿ ನೋಡಿ. ‘ಭೇದಿ’ ಅವಳಿಗೆ ಗೊತ್ತಿರುವ ಪದವೇ. ಆದರೆ ಅವಳು ಕೇಳಿದ್ದು ‘ವಾಂತಿಭೇದಿ’ ಅನ್ನುವ ಜೋಡಿಯಲ್ಲಿ, ಊರಿಗೇ ಬಂದು ಜನ ಸಾಯುವ ರೋಗವಾಗಿ. ಕೂಸಿಗೆ ಆಗುವುದು ‘ಹೊಟ್ಟಿ ಜಾಡಿಸೋದು’. ಅದು ರೋಗವೇ ಅಲ್ಲ, ಹಲ್ಲು ಬರುವಾಗ ಎಲ್ಲ ಮಕ್ಕಳಿಗೂ ಆಗುವಂಥದ್ದು ಅನ್ನುವುದು ಅವರ ತಿಳಿವಳಿಕೆ. ಅಂದರೆ ಇಂಗ್ಲಿಷಿನ ಒಂದು ಪದದ ಜಾಗದಲ್ಲಿ ಅವರಲ್ಲಿ ಎರಡು ಮನೆ ಇವೆ. ನಾನು ಬಾಗಿಲು ತಟ್ಟಿದ್ದು ಒಂದು ಮನೆಯದ್ದು ಮಾತ್ರ. ಹಾಗಂತ ‘ಭೇದಿ’ ತೆಗೆದು ‘ಜಾಡಿಸೋದು’ ಹಾಕಿದರೂ ಅರ್ಧ ಕೆಲಸವೇ, ಯಾಕೆಂದರೆ ಹಲ್ಲಿನ ಲೆಕ್ಕ ಹಾಗೇ ಉಳಿಯುತ್ತದೆ. ಪದ ಬದಲಿಸುವುದರಿಂದ ಆಗದ ಕಡೆ ಒಂದು ವಾಕ್ಯ ಸೇರಿಸಬೇಕು. ವೈದ್ಯರ ಲೆಕ್ಕದಲ್ಲಿ ಭೇದಿ ಅಂದರೆ 24 ತಾಸಿನಲ್ಲಿ ಮೂರು ಸಲ ಅಥವಾ ಹೆಚ್ಚು ನೀರಾಗಿ ಆಗುವುದು. ಅದನ್ನೇ ಹೀಗೆ ಬರೆದೆವು: “ಒಂದು ಹಗಲು ಒಂದು ರಾತ್ರಿಯೊಳಗೆ ಕೂಸಿಗೆ ಮೂರು ಸಲ ಅಥವಾ ಹೆಚ್ಚು ಸಲ ನೀರು ನೀರಾಗಿ ಹೊಟ್ಟೆ ಜಾಡಿಸಿದರೆ, ಅದು ಹಲ್ಲು ಬರುವಾಗ ಆದರೂ ಸರಿ, ಓ.ಆರ್.ಎಸ್. ಕುಡಿಸಿರಿ.”

ಎದೆಹಾಲಿನ ಮಾತಿಗೂ ಇದೇ ಗತಿಯಾಯಿತು. ಇಂಗ್ಲಿಷಿನ ಜಾಡಿನಲ್ಲೇ ನಾನು “ಎದೆಹಾಲು ನೀಡುವುದನ್ನು ನಿಲ್ಲಿಸಬಾರದು” ಎಂದು ಬರೆದಿದ್ದೆ. ಉದ್ದ ವಾಕ್ಯ, ಬೇಡ ಅನ್ನುವುದು ಕೊನೆಯಲ್ಲಿ. ವಾಪಸು ಹೇಳಿರಿ ಅಂದಾಗ ಇಬ್ಬರು “ಹಾಲು ನಿಲ್ಲಸಬೇಕಂತ” ಅಂದರು! ಜಾಡಿಸುವಾಗ ಹಾಲು ಬಿಡಿಸಬೇಕು ಅಂತ ಅತ್ತೆಯರು ಮೊದಲೇ ಹೇಳಿದ್ದರು, ಕಿವಿ ತನಗೆ ಗೊತ್ತಿದ್ದದ್ದನ್ನೇ ಕೇಳಿತು. ಅದಕ್ಕೆ ‘ಬೇಡ’ ತೆಗೆದು ‘ಬೇಕು’ ಹಾಕಿದೆವು: “ಮೊದಲಿನಂತೆ ಮೊಲೆ ಉಣಿಸಿರಿ.” ‘ಮೊಲೆ’ ಅಂತ ಅಚ್ಚು ಹಾಕಲು ಕಚೇರಿಯಲ್ಲಿ ಕೆಲವರಿಗೆ ನಾಚಿಕೆ. ಹಳ್ಳಿಯ ತಾಯಂದಿರಿಗೆ ನಾಚಿಕೆ ಏನೂ ಇಲ್ಲ, ಅವರು ದಿನಾ ಆಡುವ ಮಾತೇ ಅದು.

ಇನ್ನು ಅಳತೆ. ಇದರಲ್ಲಿ ತಪ್ಪಿದರೆ ಕೂಸಿಗೇ ಪೆಟ್ಟು. ದೊಡ್ಡ ಪೊಟ್ಟಣದ ಓ.ಆರ್.ಎಸ್. ಒಂದು ಲೀಟರ್ ನೀರಿಗೆ ಅಂತ ಮಾಡಿದ್ದು. ನೀರು ಕಡಿಮೆಯಾದರೆ ಉಪ್ಪು ಹೆಚ್ಚಾಗಿ ಕೂಸಿಗೆ ಕೇಡು. ನಾನು ‘ಐದು ಲೋಟ ನೀರು’ ಎಂದು ಬರೆದಿದ್ದೆ. ಲೋಟ ತೋರಿಸಿರಿ ಅಂದರೆ ಒಬ್ಬರು ಚಹಾ ಕುಡಿಯುವುದನ್ನು ತಂದರು, ಇನ್ನೊಬ್ಬರು ಮಜ್ಜಿಗೆ ಕುಡಿಯುವುದನ್ನು. ಚೆಂಬು ಅಂದರೆ ಚರಿಗಿಯಾ ತಂಬಿಗಿಯಾ ಅಂತ ಇನ್ನೊಂದು ಚರ್ಚೆ, ಚರಿಗಿ ಬಯಲಿಗೆ ಒಯ್ಯುವುದು ಅಂತ ನಗು ಬೇರೆ. ಯಾವ ಪಾತ್ರೆಯ ಹೆಸರೂ ಅಳತೆಗೆ ಬರುವುದಿಲ್ಲ. ಅಂಗಡಿಯಲ್ಲಿ ಸಿಗುವ ಒಂದು ಲೀಟರ್ ನೀರಿನ ಬಾಟಲಿ ಮಾತ್ರ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಎಲ್ಲಾ ಕಡೆ ಒಂದೇ. ಅದರ ಚಿತ್ರ ಹಾಕಿದೆವು. ಸಣ್ಣ ಪೊಟ್ಟಣಗಳೂ ಬರುತ್ತವೆ, ಅವುಗಳ ಮೇಲೆ ಬರೆದ ನೀರಿನ ಅಳತೆಯನ್ನು ಕಾರ್ಯಕರ್ತೆಯೇ ಓದಿ ಹೇಳಬೇಕು. ಕಲಸಿಟ್ಟದ್ದು 24 ತಾಸು ಕಳೆದರೆ ಚೆಲ್ಲಬೇಕು ಅನ್ನುವುದಕ್ಕೆ “ಇವತ್ತು ಕಲಸಿದ್ದು ನಾಳೆ ಅದೇ ಹೊತ್ತಿಗೆ ಚೆಲ್ಲಿರಿ” ಎಂದೆವು.

ಹಾಗಾದರೆ ಇಡೀ ಕರಪತ್ರವನ್ನೇ ಹಳ್ಳಿಯ ಮಾತಿನಲ್ಲಿ ಅಚ್ಚು ಹಾಕಿದರೆ ಆಗದೇ? ಅದನ್ನೂ ಮಾಡಿ ನೋಡಿದೆವು. ‘ಕುಡಸ್ರಿ, ಮನ್ಯಾಗ, ತಣ್ಣಗ’ ಎಂದೆಲ್ಲ ಬರೆದು ಒಯ್ದರೆ ಓದುವ ಹುಡುಗಿ ತಡವರಿಸಿದಳು, ಶಾಲೆಯಲ್ಲಿ ಆ ಅಕ್ಷರಜೋಡಣೆ ಅವಳು ಕಂಡಿಲ್ಲ. ಒಬ್ಬ ಅಕ್ಕ ಮುಖ ಸಣ್ಣದು ಮಾಡಿ “ನಮ್ಮ ಮಾತು ಆಡಿಕೊಂಡು ಬರದೀರೇನು?” ಅಂದಳು. ನಾಟಕದಲ್ಲಿ, ಸಿನಿಮಾದಲ್ಲಿ ಈ ಮಾತು ನಗಿಸಲಿಕ್ಕೇ ಬರುವುದನ್ನು ಅವರು ನೋಡಿದ್ದಾರೆ. ಜೊತೆಗೆ ಕುರುಗೋಡಿಗೆ ಸರಿ ಬರೆದ ಉಚ್ಚಾರ ಸಿರುಗುಪ್ಪಕ್ಕೆ ಸರಿಹೋಗುವುದಿಲ್ಲ. ಆದ್ದರಿಂದ ವಾಕ್ಯದ ಕಟ್ಟು ಪುಸ್ತಕದ್ದೇ ಇರಲಿ, ಒಳಗಿನ ಪದಗಳು ಅವರದಿರಲಿ ಅಂತ ತೀರ್ಮಾನವಾಯಿತು. ಕ್ರಿಯಾಪದಕ್ಕೆ ‘ಕುಡಿಸಿರಿ’ ಅನ್ನುವ ಹಳೆಯ ಪೂರ್ಣ ರೂಪವೇ ಇದೆ. ವ್ಯಾಕರಣಕ್ಕೂ ಒಪ್ಪುತ್ತದೆ, ‘ರಿ’ ಇರುವುದರಿಂದ ಅಜ್ಜಿಗೂ ವಾಕ್ಯ ಮುಗಿದದ್ದು ಕೇಳುತ್ತದೆ.

ಪರೀಕ್ಷೆ ಮಾಡುವ ಕ್ರಮವನ್ನು ಹೇಳಿಬಿಡುತ್ತೇನೆ. ‘ತಿಳಿಯಿತಾ?’ ಅಂತ ಕೇಳಬೇಡಿರಿ, ದೊಡ್ಡವರ ಮುಂದೆ ಯಾರೂ ಇಲ್ಲ ಅನ್ನುವುದಿಲ್ಲ. ಅನುವಾದ ಮಾಡಿದವರು ಓದಬಾರದು, ಯಾಕೆಂದರೆ ನಮ್ಮ ದನಿಯೇ ತಪ್ಪನ್ನು ಮುಚ್ಚಿಬಿಡುತ್ತದೆ. ಊರಿನವರೇ ಒಬ್ಬರು ಓದಲಿ. ಆಮೇಲೆ ಒಬ್ಬಳನ್ನು ಕರೆದು, “ನಿನ್ನ ತಂಗಿ ಇವತ್ತು ಬಂದಿರಲಿಲ್ಲ, ಅವಳಿಗೆ ಹೆಂಗ ಹೇಳ್ತೀ?” ಅಂತ ಕೇಳಿರಿ. ಅವಳು ಹೇಳಿದ ಪದಗಳನ್ನೇ ಬರೆದುಕೊಳ್ಳಿರಿ. ಸಾಧ್ಯವಾದರೆ ಪುಡಿಯನ್ನು ಅವಳ ಕೈಯಲ್ಲೇ ಕಲಸಿಸಿರಿ. ಬಾಯಿ ಸರಿ ಹೇಳಿ ಕೈ ತಪ್ಪಿದ್ದನ್ನು ನಾನು ನೋಡಿದ್ದೇನೆ. ಇಬ್ಬರು ಒಂದೇ ಕಡೆ ಎಡವಿದರೆ ವಾಕ್ಯ ಬದಲಿಸಬೇಕು. ಸೊಸೆಯಂದಿರು ಬೇರೆ ಸೀಮೆಯವರಿರುವುದರಿಂದ ಊರಿನ ಮಗಳು ಒಬ್ಬಳು, ಹೊರಗಿನಿಂದ ಬಂದ ಸೊಸೆ ಒಬ್ಬಳು, ವಯಸ್ಸಾದವರು ಒಬ್ಬರು ಇದ್ದರೆ ಒಳ್ಳೆಯದು. ಕ್ಯಾಂಪುಗಳಿಗೆ ಮಾತ್ರ ಇದು ಸಾಲದು, ಅಲ್ಲಿ ತೆಲುಗಿನಲ್ಲೇ ಹೇಳುವವರು ಬೇಕು.

ತಿದ್ದಿದ ಕರಪತ್ರವನ್ನು ಕುರುಗೋಡಿನ ಅದೇ ಸಂಘದಲ್ಲಿ ಮತ್ತೆ ಓದಿಸಿದೆವು. ಅಜ್ಜಿ ಪೂರ್ತಿ ಕೇಳಿ, “ಇಷ್ಟ ಹೇಳಾಕ ಎರಡ ಸಲ ಬಂದ್ರೇನು?” ಅಂದರು.